ಮುಟ್ಟಿನ ಲೆಕ್ಕ, ಕಬ್ಬಿಣದ ಲೆಕ್ಕ

ಬೆರಳಿಗೆ ಸಿಕ್ಕಿಸಿದ ಆಕ್ಸಿಮೀಟರ್ 98 ತೋರಿಸುತ್ತಿದೆ. ಎದೆಯ ಎಕ್ಸ್‌ರೇ ಸರಿಯಾಗಿದೆ. ಇಸಿಜಿಯಲ್ಲಿ ಎದೆಬಡಿತ ಸ್ವಲ್ಪ ಜೋರಾಗಿದೆ ಎನ್ನುವುದು ಬಿಟ್ಟರೆ ಬೇರೆ ತೊಂದರೆ ಕಾಣುವುದಿಲ್ಲ. ಆದರೂ ಎರಡು ಮಹಡಿ ಹತ್ತುವಷ್ಟರಲ್ಲಿ ಆಕೆಗೆ ಏದುಸಿರು. ನೀರಿನ ಬಿಂದಿಗೆ ಎತ್ತಿಟ್ಟರೆ ಎದೆ ಡವಡವ. ರಾತ್ರಿ ಎಂಟು ತಾಸು ಮಲಗಿ ಎದ್ದರೂ ಮೈ ಭಾರ. ಕೆಮ್ಮಿದೆಯೇ, ಎದೆನೋವಿದೆಯೇ, ಮನೆಯಲ್ಲಿ ಯಾರಿಗಾದರೂ ಆಸ್ತಮಾ ಇದೆಯೇ ಎಂದು ಕೇಳಿದವರು ಇದ್ದಾರೆ. ಮುಟ್ಟಿನಲ್ಲಿ ಎಷ್ಟು ರಕ್ತ ಹೋಗುತ್ತದೆ ಎಂದು ಕೇಳಿದವರಿಲ್ಲ. ದಮ್ಮಿಗೂ ಮುಟ್ಟಿಗೂ ಸಂಬಂಧವಿರಬಹುದು ಎಂದು ಆಕೆಗೂ ತೋಚಿಲ್ಲ, ಹಾಗಾಗಿ ತಾನಾಗಿ ಹೇಳಿಯೂ ಇಲ್ಲ.

ಸ್ತ್ರೀರೋಗ ತಜ್ಞರ ಹೊರರೋಗಿ ವಿಭಾಗದಲ್ಲಿ ಇಂಥ ಹೆಂಗಸರು ದಿನವೂ ಕಾಣುತ್ತಾರೆ. ಅವರಲ್ಲಿ ಮತ್ತೆ ಮತ್ತೆ ಕಂಡುಬರುವ ಲಕ್ಷಣಗಳನ್ನು ಒಟ್ಟುಗೂಡಿಸಿ ಇಲ್ಲಿ ಒಬ್ಬಾಕೆಯ ಉದಾಹರಣೆಯನ್ನು ಕಟ್ಟಿಕೊಳ್ಳಲಾಗಿದೆ. ವಯಸ್ಸು 43, ತೂಕ 52 ಕಿಲೋ. ಬೆಂಗಳೂರಿನ ಮೈಸೂರು ರಸ್ತೆಯ ಬದಿಯ ಗಾರ್ಮೆಂಟ್ಸ್ ಒಂದರಲ್ಲಿ ಟೈಲರ್. ಇಬ್ಬರು ಮಕ್ಕಳು. ಒಂದೂವರೆ ವರ್ಷದಿಂದ ಮುಟ್ಟು ಹೆಚ್ಚು. ಆರು ತಿಂಗಳಿಂದ ಸುಸ್ತು ಮತ್ತು ಏದುಸಿರು. ಮೆಡಿಕಲ್ ಶಾಪಿನಿಂದ ತಂದ ಟಾನಿಕ್ ಮೂರು ಬಾಟಲಿ ಮುಗಿದಿದೆ.

ಆಕೆಯ ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 7.4 ಗ್ರಾಂ. ಗರ್ಭಿಣಿಯಲ್ಲದ ಮಹಿಳೆಯರಲ್ಲಿ ಇದು 12ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ, 8ಕ್ಕಿಂತ ಕಡಿಮೆಯಿದ್ದರೆ ತೀವ್ರ ರಕ್ತಹೀನತೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಹಾಗಿದ್ದರೆ ಆಕ್ಸಿಮೀಟರ್ ಏಕೆ 98 ತೋರಿಸಿತು? ಆ ಪುಟ್ಟ ಯಂತ್ರ ಹೇಳುವುದು ಶೇಕಡಾವಾರು ಲೆಕ್ಕ ಮಾತ್ರ. ರಕ್ತದಲ್ಲಿ ಇರುವ ಹಿಮೋಗ್ಲೋಬಿನ್‌ನಲ್ಲಿ ಎಷ್ಟು ಭಾಗ ಆಮ್ಲಜನಕ ತುಂಬಿಕೊಂಡಿದೆ ಎಂಬುದಷ್ಟೇ ಅದಕ್ಕೆ ಗೊತ್ತು. ಹಿಮೋಗ್ಲೋಬಿನ್ ಒಟ್ಟು ಎಷ್ಟಿದೆ ಎಂಬುದು ಗೊತ್ತಿಲ್ಲ. ಒಂದು ಗ್ರಾಂ ಹಿಮೋಗ್ಲೋಬಿನ್ ಹೊರಬಲ್ಲದ್ದು ಸುಮಾರು 1.34 ಮಿ.ಲೀ. ಆಮ್ಲಜನಕವನ್ನು. ಹಿಮೋಗ್ಲೋಬಿನ್ 13 ಇರುವಾಕೆಯ 100 ಮಿ.ಲೀ. ರಕ್ತದಲ್ಲಿ 17 ಮಿ.ಲೀ.ಗೂ ಹೆಚ್ಚು ಆಮ್ಲಜನಕ ಸಾಗುತ್ತದೆ. 7.4 ಇರುವಾಕೆಯಲ್ಲಿ ಅದು 10 ಮಿ.ಲೀ.ಗಿಂತ ಒಂದಿಷ್ಟು ಕಡಿಮೆ. ಶ್ವಾಸಕೋಶ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದೆ, ಹೊರುವವರೇ ಅರ್ಧಕ್ಕರ್ಧ ಇಲ್ಲ. ಕೊರತೆ ತುಂಬಲು ಹೃದಯ ಹೆಚ್ಚು ವೇಗವಾಗಿ ಬಡಿಯುತ್ತದೆ, ಪ್ರತಿ ಬಡಿತಕ್ಕೂ ಹೆಚ್ಚು ರಕ್ತ ನೂಕುತ್ತದೆ. ಕುಳಿತಿರುವಾಗ ಹೇಗೋ ನಡೆಯುತ್ತದೆ. ಮೆಟ್ಟಿಲು ಹತ್ತುವಾಗ ಸ್ನಾಯುಗಳು ಇನ್ನಷ್ಟು ಕೇಳುತ್ತವೆ, ಕೊಡಲು ಇರುವುದಿಲ್ಲ. ಏದುಸಿರು ಶುರುವಾಗುವುದು ಅಲ್ಲಿ.

ಇಷ್ಟು ಕಡಿಮೆ ರಕ್ತ ಇಟ್ಟುಕೊಂಡು ಆಕೆ ಫ್ಯಾಕ್ಟರಿಗೆ ಹೋಗಿಬರುತ್ತಿದ್ದುದು ಹೇಗೆ? ಒಂದೇ ದಿನದಲ್ಲಿ 13ರಿಂದ 7ಕ್ಕೆ ಇಳಿದಿದ್ದರೆ ಆಕೆ ಕುಸಿದು ಬೀಳುತ್ತಿದ್ದಳು. ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವೇ ಇಳಿದಾಗ ದೇಹ ಹೊಂದಿಕೊಳ್ಳುತ್ತದೆ: ಕೆಂಪುಕಣಗಳು ಆಮ್ಲಜನಕವನ್ನು ಇನ್ನಷ್ಟು ಸಲೀಸಾಗಿ ಬಿಟ್ಟುಕೊಡಲು ಕಲಿಯುತ್ತವೆ, ಆಕೆಯೂ ತನಗರಿವಿಲ್ಲದೆ ಮೆಲ್ಲಗೆ ನಡೆಯುತ್ತಾಳೆ, ಮಧ್ಯೆ ಗೋಡೆ ಹಿಡಿದು ನಿಲ್ಲುತ್ತಾಳೆ, ಭಾರದ ಕೆಲಸವನ್ನು ಮಗನಿಗೆ ಹೇಳುತ್ತಾಳೆ. ‘ವಯಸ್ಸಾಯ್ತಲ್ಲ’ ಎಂದುಕೊಳ್ಳುತ್ತಾಳೆ. ತೀವ್ರ ರಕ್ತಹೀನತೆ ಇಷ್ಟು ದಿನ ಅಡಗಿ ಕೂರಲು ಈ ಹೊಂದಾಣಿಕೆಯೇ ಕಾರಣ.

ಇನ್ನು ಮುಟ್ಟಿನ ವಿಷಯ. ಸಾಮಾನ್ಯ ಮುಟ್ಟಿನಲ್ಲಿ ಹೋಗುವ ರಕ್ತ 30ರಿಂದ 40 ಮಿ.ಲೀ., ಅಂದರೆ ಎರಡು ಮೂರು ದೊಡ್ಡ ಚಮಚದಷ್ಟು. 1966ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್ ನಗರದಲ್ಲಿ ಲೀಫ್ ಹಾಲ್‌ಬರ್ಗ್ ಮತ್ತು ಸಂಗಡಿಗರು ನೂರಾರು ಮಹಿಳೆಯರ ಪ್ಯಾಡುಗಳನ್ನು ಸಂಗ್ರಹಿಸಿ ಅದರಲ್ಲಿದ್ದ ರಕ್ತವನ್ನು ಅಳೆದರು. 80 ಮಿ.ಲೀ. ದಾಟಿದವರಲ್ಲಿ ಕಬ್ಬಿಣದ ಕೊರತೆ ಎದ್ದು ಕಾಣುತ್ತಿತ್ತು. ಹೆಚ್ಚು ಮುಟ್ಟು ಎಂದರೆ 80 ಮಿ.ಲೀ.ಗಿಂತ ಹೆಚ್ಚು ಎಂಬ ಗಡಿ ವೈದ್ಯಶಾಸ್ತ್ರದಲ್ಲಿ ಬಂದದ್ದು ಹೀಗೆ. ಈಗ ವೈದ್ಯರು ಆ ಅಂಕಿಗೆ ಜೋತುಬೀಳುವುದಿಲ್ಲ. ಹೋಗುವ ರಕ್ತ ಆಕೆಯ ದೇಹವನ್ನು, ಕೆಲಸವನ್ನು, ಮನಸ್ಸನ್ನು ಬಾಧಿಸುತ್ತಿದ್ದರೆ ಅದು ಹೆಚ್ಚೇ.

ಆದರೆ ಮನೆಯಲ್ಲಿ ಯಾರೂ ಅಳತೆ ಪಾತ್ರೆ ಇಟ್ಟುಕೊಂಡಿರುವುದಿಲ್ಲ. ‘ಜಾಸ್ತಿ ಹೋಗುತ್ತಾ?’ ಎಂದು ಕೇಳಿದರೆ ‘ಎಲ್ಲರಿಗೂ ಹೋಗೋ ಹಾಗೇ’ ಎಂಬ ಉತ್ತರ ಬರುವುದು ಸಹಜ. ಇನ್ನೊಬ್ಬರಿಗೆ ಎಷ್ಟು ಹೋಗುತ್ತದೆ ಎಂದು ಯಾರು ನೋಡಿರುತ್ತಾರೆ? ಅಮ್ಮನಿಗೂ ಅಕ್ಕನಿಗೂ ಹೀಗೇ ಹೋಗುತ್ತಿದ್ದರಂತೂ ಅದೇ ಮಾಮೂಲು. ಇದಕ್ಕೊಂದು ಸರಳ ಉಪಾಯವನ್ನು ಬ್ರಿಟನ್ನಿನ ವೈದ್ಯರು 1990ರಲ್ಲಿ ರೂಪಿಸಿದರು. ಪ್ಯಾಡಿನ ಸ್ಥಿತಿ ನೋಡಿ ಅಂಕ ಕೊಡುವ ಪಟ್ಟಿ ಅದು. ಸ್ವಲ್ಪ ಕಲೆಯಾದ ಪ್ಯಾಡಿಗೆ 1, ಅರ್ಧದಷ್ಟು ಒದ್ದೆಯಾದದ್ದಕ್ಕೆ 5, ಪೂರ್ತಿ ನೆನೆದದ್ದಕ್ಕೆ 20. ಸಣ್ಣ ಹೆಪ್ಪಿಗೆ 1, ದೊಡ್ಡ ಹೆಪ್ಪಿಗೆ 5. ಒಟ್ಟು 100 ದಾಟಿದರೆ ರಕ್ತಸ್ರಾವ ಹೆಚ್ಚು ಎಂದು ಅರ್ಥ.

ನಮ್ಮ ಟೈಲರ್ ಅಕ್ಕನಿಗೆ ನರ್ಸ್ ಇದನ್ನು ಹಾಳೆಯ ಮೇಲೆ ಬರೆದುಕೊಟ್ಟು, ‘ಅಕ್ಕಾ, ಮುಂದಿನ ತಿಂಗಳು ಗೆರೆ ಎಳೀತಾ ಬನ್ನಿ ಸಾಕು’ ಎಂದರು. ಮೊದಲ ದಿನ ಅರ್ಧ ಒದ್ದೆಯಾದ ಮೂರು: 15. ಎರಡನೆಯ ದಿನ ಪೂರ್ತಿ ನೆನೆದ ಆರು, ದೊಡ್ಡ ಹೆಪ್ಪು ಮೂರು: 135. ಮೂರನೆಯ ದಿನ ನೆನೆದ ಐದು, ದೊಡ್ಡ ಹೆಪ್ಪು ಎರಡು: 110. ನಾಲ್ಕನೆಯ ದಿನ ಅರ್ಧ ಒದ್ದೆಯಾದ ನಾಲ್ಕು: 20. ಐದರಿಂದ ಎಂಟನೆಯ ದಿನದವರೆಗೆ ದಿನಕ್ಕೆರಡು ಸಣ್ಣ ಕಲೆ: 8. ಕೂಡಿದರೆ 288. ‘ಎಲ್ಲರಿಗೂ ಹೋಗೋ ಹಾಗೇ’ ಎನ್ನುತ್ತಿದ್ದವಳು ಆ ಅಂಕಿ ನೋಡಿ ಸುಮ್ಮನಾದಳು. ಆಮೇಲೆ ಒಂದೊಂದೇ ಹೊರಬಂತು: ಎರಡನೆಯ ದಿನ ಎರಡು ಪ್ಯಾಡ್ ಜೋಡಿಸಿ ಇಟ್ಟುಕೊಳ್ಳುವುದು, ಕಪ್ಪು ಪ್ಯಾಂಟ್ ಮಾತ್ರ ಹಾಕುವುದು, ರಾತ್ರಿ ಹಾಸಿಗೆಯ ಮೇಲೆ ಹಳೆಯ ಸೀರೆ ಮಡಚಿ ಹಾಕಿಕೊಳ್ಳುವುದು, ಲೈನಿನಲ್ಲಿ ಮತ್ತೆ ಮತ್ತೆ ಎದ್ದು ಹೋಗಬೇಕಾಗುತ್ತದೆ ಎಂದು ಆ ದಿನ ನೀರು ಕುಡಿಯದೇ ಇರುವುದು. ಹೀಗೆ ಬದುಕನ್ನೇ ಮುಟ್ಟಿಗೆ ತಕ್ಕಂತೆ ಹೊಂದಿಸಿಕೊಂಡಿದ್ದರೆ ಅಂಕದ ಪಟ್ಟಿಯೂ ಬೇಕಾಗಿಲ್ಲ, ವೈದ್ಯರನ್ನು ಕಾಣಲು ಅಷ್ಟೇ ಕಾರಣ ಸಾಕು.

ಈಗ ಕಬ್ಬಿಣದ ಲೆಕ್ಕ ಹಾಕೋಣ. ಒಂದು ಮಿ.ಲೀ. ರಕ್ತ ಹೋದರೆ ಹೆಚ್ಚುಕಡಿಮೆ ಅರ್ಧ ಮಿ.ಗ್ರಾಂ. ಕಬ್ಬಿಣ ಹೋದಂತೆ. ಸಾಮಾನ್ಯ ಮುಟ್ಟಿನಲ್ಲಿ ತಿಂಗಳಿಗೆ 15ರಿಂದ 20 ಮಿ.ಗ್ರಾಂ. ಖರ್ಚು. ಚರ್ಮ, ಕರುಳು ಇತ್ಯಾದಿಗಳಿಂದ ದಿನವೂ ಕಳೆದುಹೋಗುವುದು ಬೇರೆ, ಅದು ತಿಂಗಳಿಗೆ 25 ಮಿ.ಗ್ರಾಂ. ಆಸುಪಾಸು. ಆದಾಯದ ಕಡೆ ನೋಡಿದರೆ, ಊಟದಿಂದ ದೇಹ ಹೀರಿಕೊಳ್ಳುವುದು ದಿನಕ್ಕೆ ಒಂದು, ಒಂದೂವರೆ ಮಿ.ಗ್ರಾಂ. ಮಾತ್ರ, ತಿಂಗಳಿಗೆ 30ರಿಂದ 45. ಆರೋಗ್ಯವಂತ ಹೆಂಗಸಿನ ಲೆಕ್ಕ ಕೂಡ ಹೇಗೋ ಸರಿದೂಗುತ್ತಿರುತ್ತದೆ, ಅಷ್ಟೇ. ಮುಟ್ಟಿನಲ್ಲಿ 160 ಮಿ.ಲೀ. ಹೋಗತೊಡಗಿತು ಎಂದುಕೊಳ್ಳಿ. ಅದೊಂದರಲ್ಲೇ ಎಪ್ಪತ್ತೆಂಬತ್ತು ಮಿ.ಗ್ರಾಂ. ಕಬ್ಬಿಣ ಹೋಯಿತು. ಕೊರತೆ ಕಂಡ ಕರುಳು ಮೊದಲಿಗಿಂತ ಹೆಚ್ಚು ಹೀರಿಕೊಳ್ಳಲು ಹೆಣಗುತ್ತದೆ ನಿಜ, ಆದರೂ ತಿಂಗಳಿಗೆ ಮೂವತ್ತು ನಲವತ್ತು ಮಿ.ಗ್ರಾಂ. ಬಾಕಿ ಉಳಿಯುತ್ತದೆ. ಆ ಬಾಕಿಯನ್ನು ತೀರಿಸುವುದು ಯಕೃತ್ತು ಮತ್ತು ಮೂಳೆಮಜ್ಜೆಯಲ್ಲಿರುವ ದಾಸ್ತಾನು. ಹೆಂಗಸರಲ್ಲಿ ಅದು ಸುಮಾರು 300 ಮಿ.ಗ್ರಾಂ. ಒಂದು ವರ್ಷದೊಳಗೆ ಬರಿದು.

ದಾಸ್ತಾನು ಬರಿದಾಗುವವರೆಗೆ ಹಿಮೋಗ್ಲೋಬಿನ್ ಇಳಿಯುವುದಿಲ್ಲ. ಸಾಮಾನ್ಯ ರಕ್ತಪರೀಕ್ಷೆಯಲ್ಲಿ 12.2 ಎಂದು ಬರುತ್ತದೆ, ‘ರಕ್ತ ಚೆನ್ನಾಗಿದೆ’ ಎಂದು ಕಳಿಸುತ್ತಾರೆ. ಆದರೆ ಕಬ್ಬಿಣದ ಕೆಲಸ ರಕ್ತದಲ್ಲಷ್ಟೇ ಇಲ್ಲ. ಸ್ನಾಯುಗಳು ಆಮ್ಲಜನಕ ಹಿಡಿದಿಟ್ಟುಕೊಳ್ಳಲು, ಜೀವಕೋಶಗಳು ಆಹಾರವನ್ನು ಶಕ್ತಿಯಾಗಿಸಲು ಅದು ಬೇಕು. ಆದ್ದರಿಂದ ಸುಸ್ತು ಹಿಮೋಗ್ಲೋಬಿನ್‌ಗಿಂತ ಮುಂಚೆಯೇ ಬಂದುಬಿಡುತ್ತದೆ. ಫ್ರಾನ್ಸಿನಲ್ಲಿ ನಡೆದು 2012ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಹಿಮೋಗ್ಲೋಬಿನ್ 12ಕ್ಕಿಂತ ಹೆಚ್ಚಿದ್ದೂ ಕಬ್ಬಿಣದ ದಾಸ್ತಾನು ಕಡಿಮೆಯಿದ್ದ, ಬೇರೆ ಕಾರಣ ಕಾಣದೆ ಬಳಲುತ್ತಿದ್ದ ಹೆಂಗಸರಿಗೆ ಹನ್ನೆರಡು ವಾರ ಕಬ್ಬಿಣದ ಮಾತ್ರೆ ಕೊಟ್ಟರು. ಬರೀ ಸಪ್ಪೆ ಮಾತ್ರೆ ತಿಂದವರಿಗಿಂತ ಅವರ ಸುಸ್ತು ಸ್ಪಷ್ಟವಾಗಿ ಹೆಚ್ಚು ಇಳಿದಿತ್ತು.

ಈ ದಾಸ್ತಾನನ್ನು ತೋರಿಸುವ ಪರೀಕ್ಷೆ ಫೆರಿಟಿನ್. 15ಕ್ಕಿಂತ ಕಡಿಮೆಯಿದ್ದರೆ ದಾಸ್ತಾನು ಬರಿದು. 30ಕ್ಕಿಂತ ಕಡಿಮೆ ಇದ್ದರೇ ಕೊರತೆ ಎಂದು ಪರಿಗಣಿಸುವ ವೈದ್ಯರು ಹಲವರು. ಜ್ವರ, ಸೋಂಕು, ಉರಿಯೂತ ಇದ್ದಾಗ ಫೆರಿಟಿನ್ ಸುಳ್ಳು ಏರಿಕೆ ತೋರಿಸಬಹುದು ಎಂಬುದನ್ನು ಮರೆಯುವಂತಿಲ್ಲ. ಟೈಲರ್ ಅಕ್ಕನಿಗೆ ಅದು 4 ಇತ್ತು. ಕೆಂಪುಕಣಗಳ ಗಾತ್ರವೂ ಕುಗ್ಗಿತ್ತು. ಇನ್ನೊಂದು ವಿಷಯವನ್ನು ಆಕೆ ತಾನಾಗಿ ಹೇಳಿರಲಿಲ್ಲ, ಕೇಳಿದಾಗ ನಾಚಿಕೊಂಡು ಒಪ್ಪಿದಳು: ಅಕ್ಕಿ ಆರಿಸುವಾಗ ಹಸಿ ಅಕ್ಕಿಯನ್ನು ಮುಷ್ಟಿಗಟ್ಟಲೆ ಬಾಯಿಗೆ ಹಾಕಿಕೊಳ್ಳುವ ಚಟ. ಹಸಿ ಅಕ್ಕಿ, ಮಣ್ಣು, ಸೀಮೆಸುಣ್ಣ, ಐಸ್ ಇವುಗಳ ಮೇಲೆ ತಡೆಯಲಾರದ ಆಸೆ ಹುಟ್ಟುವುದು ಕಬ್ಬಿಣದ ಕೊರತೆಯ ಹಳೆಯ ಗುರುತು. ಕಬ್ಬಿಣ ತುಂಬಿದ ಮೇಲೆ ಆ ಆಸೆ ತಾನಾಗಿಯೇ ಹೋಗುತ್ತದೆ. ಬೈದರೆ ಹೋಗುವುದಿಲ್ಲ.

ಇಷ್ಟು ರಕ್ತ ಹೋಗುತ್ತಿದ್ದುದು ಏಕೆ ಎಂಬುದು ಮುಂದಿನ ಪ್ರಶ್ನೆ. ಟಾನಿಕ್ ಕೊಟ್ಟು ಕಳಿಸಿದವರು ಇಲ್ಲಿಯವರೆಗೆ ಬರಲೇ ಇಲ್ಲ.

ಹೊಟ್ಟೆಯ ಸ್ಕ್ಯಾನಿಂಗ್‌ನಲ್ಲಿ ಎರಡು ಫೈಬ್ರಾಯ್ಡ್ ಕಂಡವು. ಫೈಬ್ರಾಯ್ಡ್ ಎಂದರೆ ಗರ್ಭಕೋಶದ ಸ್ನಾಯುವಿನಿಂದಲೇ ಬೆಳೆಯುವ ಗಟ್ಟಿ ಗಡ್ಡೆ. ಕ್ಯಾನ್ಸರ್ ಅಲ್ಲ; ಅಂಥ ಗಡ್ಡೆಯಲ್ಲಿ ಕ್ಯಾನ್ಸರ್ ಅಡಗಿರುವುದು ತೀರಾ ಅಪರೂಪ. ಅಮೆರಿಕದಲ್ಲಿ 2003ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜಿನಂತೆ 50 ವರ್ಷ ತುಂಬುವಷ್ಟರಲ್ಲಿ ಹತ್ತರಲ್ಲಿ ಏಳು ಹೆಂಗಸರಿಗೆ ಫೈಬ್ರಾಯ್ಡ್ ಇರುತ್ತದೆ. ಹೆಚ್ಚಿನವರಿಗೆ ಅದರಿಂದ ಯಾವ ತೊಂದರೆಯೂ ಇರುವುದಿಲ್ಲ. ಆದ್ದರಿಂದ ಸ್ಕ್ಯಾನಿಂಗ್‌ನಲ್ಲಿ ಗಡ್ಡೆ ಕಂಡಿತು ಎಂದ ಮಾತ್ರಕ್ಕೆ ರಕ್ತಸ್ರಾವಕ್ಕೆ ಅದೇ ಕಾರಣ ಎಂದು ತೀರ್ಮಾನಿಸುವಂತಿಲ್ಲ.

ನೋಡಬೇಕಾದದ್ದು ಗಡ್ಡೆ ಎಷ್ಟು ದೊಡ್ಡದು ಎನ್ನುವುದಕ್ಕಿಂತ ಎಲ್ಲಿದೆ ಎನ್ನುವುದನ್ನು. ಗರ್ಭಕೋಶದ ಹೊರಮೈಯಲ್ಲಿ ಬೆಳೆದ ಗಡ್ಡೆ ನಿಂಬೆಹಣ್ಣಿಗಿಂತ ದೊಡ್ಡದಾದರೂ ಮುಟ್ಟಿನ ರಕ್ತ ಹೆಚ್ಚಿಸುವುದಿಲ್ಲ. ಮೂತ್ರಕೋಶವನ್ನು ಒತ್ತಬಹುದು, ಕೆಳಹೊಟ್ಟೆ ಭಾರ ಎನಿಸಬಹುದು. ಗೋಡೆಯೊಳಗೆ ಇರುವುದು ದೊಡ್ಡದಾದಾಗ ರಕ್ತ ಹೆಚ್ಚಿಸಬಲ್ಲದು. ಒಳಪದರದ ಕೆಳಗಿನಿಂದ ಗರ್ಭಕೋಶದ ಒಳಗಿನ ಖಾಲಿ ಜಾಗಕ್ಕೆ ಚಾಚಿಕೊಂಡ ಗಡ್ಡೆ ಎರಡೇ ಸೆಂಟಿಮೀಟರ್ ಇದ್ದರೂ ಧಾರಾಕಾರ ಹರಿಸಬಲ್ಲದು. ಅದು ಒಳಪದರದ ಹರವನ್ನು ಹೆಚ್ಚಿಸುತ್ತದೆ, ಸುತ್ತಲಿನ ರಕ್ತನಾಳಗಳು ಹಿಗ್ಗುವಂತೆ ಮಾಡುತ್ತದೆ, ಮುಟ್ಟಿನ ಹೊತ್ತಿನಲ್ಲಿ ಗರ್ಭಕೋಶ ಬಿಗಿಯಾಗಿ ಮುದುಡಿಕೊಂಡು ರಕ್ತ ನಿಲ್ಲಿಸುವುದಕ್ಕೂ ಅಡ್ಡ ಬರುತ್ತದೆ. ಟೈಲರ್ ಅಕ್ಕನ ವರದಿಯಲ್ಲಿ 5 ಸೆಂ.ಮೀ. ಗಡ್ಡೆ ಹೊರಮೈಯಲ್ಲಿತ್ತು, 2.8 ಸೆಂ.ಮೀ. ಗಡ್ಡೆಯ ಹೆಚ್ಚಿನ ಭಾಗ ಒಳಕ್ಕೆ ಚಾಚಿತ್ತು. ವರದಿ ಓದಿದ ನೆಂಟರೊಬ್ಬರು ದೊಡ್ಡದನ್ನೇ ಹಿಡಿದು ಹೆದರಿಸಿದ್ದರು. ಕಾಟ ಕೊಡುತ್ತಿದ್ದುದು ಚಿಕ್ಕದು. ಹೀಗಾಗಿ ಸ್ಕ್ಯಾನಿಂಗ್ ವರದಿಯಲ್ಲಿ ಸೆಂಟಿಮೀಟರ್ ಒಂದೇ ಇದ್ದು ಜಾಗದ ವಿವರ ಇಲ್ಲದಿದ್ದರೆ ‘ಗಡ್ಡೆ ಒಳಗೆ ಚಾಚಿದೆಯಾ ಡಾಕ್ಟ್ರೇ?’ ಎಂದು ಕೇಳುವುದು ಅತ್ಯಗತ್ಯ. ಸ್ಪಷ್ಟವಾಗಿ ಕಾಣದಿದ್ದರೆ ಯೋನಿಯ ಮೂಲಕ ಮಾಡುವ ಸ್ಕ್ಯಾನಿಂಗ್ ಅಥವಾ ಗರ್ಭಕೋಶದೊಳಗೆ ಸಣ್ಣ ಕ್ಯಾಮೆರಾ ಇಳಿಸಿ ನೋಡುವ ಹಿಸ್ಟರೋಸ್ಕೋಪಿ ಉತ್ತರ ಕೊಡುತ್ತದೆ.

ಗಡ್ಡೆಯೊಂದೇ ಕಾರಣವಾಗಿದ್ದರೆ ಮುಟ್ಟು ತಿಂಗಳು ತಿಂಗಳು ಸರಿಯಾದ ಸಮಯಕ್ಕೆ ಬಂದು, ಬಂದಾಗ ಹೆಚ್ಚು ಹೋಗಬೇಕಿತ್ತು. ಆದರೆ ಆಕೆಗೆ ಒಮ್ಮೆ 24 ದಿನಕ್ಕೆ, ಇನ್ನೊಮ್ಮೆ 50 ದಿನಕ್ಕೆ ಆಗುತ್ತಿತ್ತು. ತಡವಾಗಿ ಬಂದ ಸಲವೇ ಹೆಚ್ಚು ಹೋಗುತ್ತಿತ್ತು. ಇದು ಹಾರ್ಮೋನಿನ ಗುರುತು.

ಮುಟ್ಟಿನ ಚಕ್ರದ ಮೊದಲರ್ಧದಲ್ಲಿ ಈಸ್ಟ್ರೋಜನ್ ಗರ್ಭಕೋಶದ ಒಳಪದರವನ್ನು ಬೆಳೆಸುತ್ತದೆ. ಅಂಡ ಬಿಡುಗಡೆಯಾದ ಮೇಲೆ ಅದೇ ಜಾಗದಿಂದ ಪ್ರೊಜೆಸ್ಟರಾನ್ ಹೊರಟು ಆ ಬೆಳವಣಿಗೆಯನ್ನು ನಿಲ್ಲಿಸಿ ಪದರವನ್ನು ಹದಗೊಳಿಸುತ್ತದೆ. ಗರ್ಭ ನಿಲ್ಲದಿದ್ದರೆ ಎರಡೂ ಇಳಿದು ಪದರ ಒಟ್ಟಿಗೇ, ಅಚ್ಚುಕಟ್ಟಾಗಿ ಕಳಚಿಕೊಳ್ಳುತ್ತದೆ; ರಕ್ತನಾಳಗಳು ಬಿಗಿದುಕೊಂಡು ಸ್ರಾವ ನಿಲ್ಲುತ್ತದೆ. ನಲವತ್ತು ದಾಟಿದ ಮೇಲೆ ಕೆಲವು ತಿಂಗಳು ಅಂಡ ಬಿಡುಗಡೆಯಾಗುವುದೇ ಇಲ್ಲ. ಆಗ ಪ್ರೊಜೆಸ್ಟರಾನ್ ಹುಟ್ಟುವುದಿಲ್ಲ. ಈಸ್ಟ್ರೋಜನ್ ಒಂದೇ ಪದರವನ್ನು ಬೆಳೆಸುತ್ತಲೇ ಹೋಗುತ್ತದೆ. ಕೊನೆಗೆ ಆ ದಪ್ಪ ಪದರ ಅಲ್ಲಿಷ್ಟು ಇಲ್ಲಿಷ್ಟು ಕುಸಿಯತೊಡಗುತ್ತದೆ. ಒಂದು ಕಡೆ ನಿಂತರೆ ಇನ್ನೊಂದು ಕಡೆ ಶುರು. ದಿನಗಟ್ಟಲೆ ಹರಿಯುತ್ತದೆ. ಹೊಸದಾಗಿ ಮೈನೆರೆದ ಹುಡುಗಿಯರಲ್ಲಿ ಮತ್ತು ಪಿಸಿಒಎಸ್ ಇರುವವರಲ್ಲಿ ಆಗುವುದೂ ಇದೇ. ಥೈರಾಯ್ಡ್ ಕಡಿಮೆಯಾದಾಗಲೂ ಚಕ್ರ ತಪ್ಪಿ ರಕ್ತ ಹೆಚ್ಚಬಹುದು, ಆದ್ದರಿಂದ ಲಕ್ಷಣ ಕಂಡವರಿಗೆ ಟಿಎಸ್‌ಎಚ್ ಪರೀಕ್ಷೆ ಮಾಡಿಸುತ್ತಾರೆ. ಇವೇ ಹಾರ್ಮೋನುಗಳು ಫೈಬ್ರಾಯ್ಡ್‌ಗೂ ಆಹಾರ. ಮುಟ್ಟು ನಿಂತ ಮೇಲೆ ಗಡ್ಡೆಗಳು ಕುಗ್ಗುವುದು ಅದಕ್ಕೇ.

‘ನಿಲ್ಲೋ ಕಾಲ, ಹಂಗೇ ಆಗುತ್ತೆ, ಸಹಿಸ್ಕೋಬೇಕು’ ಎಂದು ಹಿರಿಯರು ಹೇಳುತ್ತಾರೆ. ಅರ್ಧ ನಿಜ. ಚಕ್ರ ಏರುಪೇರಾಗುವುದು ಆ ವಯಸ್ಸಿನ ಸಹಜ ಗುಣ. ರಕ್ತ ಹೀಗೆ ಹರಿದು ಹಿಮೋಗ್ಲೋಬಿನ್ 7ಕ್ಕೆ ಇಳಿಯುವುದು ಸಹಜವಲ್ಲ. ಇನ್ನೊಂದು ಅಪಾಯವೂ ಇದೆ. ಪ್ರೊಜೆಸ್ಟರಾನ್‌ನ ಕಡಿವಾಣವಿಲ್ಲದೆ ಬೆಳೆದ ಒಳಪದರದ ಜೀವಕೋಶಗಳು ಕೆಲವರಲ್ಲಿ ಅಂಕೆ ಮೀರುತ್ತವೆ, ವರ್ಷಗಳಲ್ಲಿ ಕ್ಯಾನ್ಸರ್ ಆಗುವುದೂ ಉಂಟು. ಅದಕ್ಕಾಗಿ 45 ದಾಟಿದವರಲ್ಲಿ, ಅದಕ್ಕಿಂತ ಚಿಕ್ಕವರಾದರೂ ಬೊಜ್ಜು, ಪಿಸಿಒಎಸ್ ಅಥವಾ ತಿಂಗಳುಗಟ್ಟಲೆ ಏರುಪೇರು ಇರುವವರಲ್ಲಿ, ಒಳಪದರದ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಸಣ್ಣ ಪ್ಲಾಸ್ಟಿಕ್ ಕೊಳವೆಯಿಂದ ಕೆಲವೇ ನಿಮಿಷದಲ್ಲಿ ಆಗುವ ಕೆಲಸ. ಟೈಲರ್ ಅಕ್ಕನಿಗೆ 43 ಆದರೂ ಪದರ 14 ಮಿ.ಮೀ. ದಪ್ಪವಿದ್ದು ಚಕ್ರವೂ ತಪ್ಪಿದ್ದರಿಂದ ಮಾಡಿದರು. ಪದರ ಅತಿಯಾಗಿ ಬೆಳೆದಿದೆ, ಜೀವಕೋಶಗಳ ರೂಪ ಕೆಟ್ಟಿಲ್ಲ ಎಂದು ವರದಿ ಬಂತು.

ಅಂದರೆ ಮೂರು ಕಾರಣಗಳು ಆಕೆಯಲ್ಲಿ ಒಂದರ ಮೇಲೊಂದು ಕೂತಿದ್ದವು. ಅಂಡ ಬಿಡುಗಡೆಯಾಗದ ತಿಂಗಳುಗಳಲ್ಲಿ ಪದರ ದಪ್ಪವಾಯಿತು, ಒಳಗೆ ಚಾಚಿದ ಗಡ್ಡೆ ಸ್ರಾವ ನಿಲ್ಲಲು ಬಿಡಲಿಲ್ಲ, ಹೋದ ಕಬ್ಬಿಣ ದಮ್ಮಾಗಿ ಕಾಣಿಸಿಕೊಂಡಿತು. ಬೇರೆಯವರಲ್ಲಿ ಬೇರೆ ಕಾರಣ ಸೇರಿರಬಹುದು: ಕಾಪರ್-ಟಿ, ರಕ್ತ ತೆಳುವಾಗಿಸುವ ಮಾತ್ರೆ. ಮೈನೆರೆದಾಗಿನಿಂದಲೇ ವಿಪರೀತ ಹೋಗುವ, ಹಲ್ಲು ಕೀಳಿಸಿದರೂ ರಕ್ತ ನಿಲ್ಲದ ಹುಡುಗಿಯರಲ್ಲಿ ರಕ್ತ ಹೆಪ್ಪುಗಟ್ಟುವ ಗುಣದಲ್ಲೇ ಹುಟ್ಟಿನಿಂದ ದೋಷವಿರಬಹುದು.

ಚಿಕಿತ್ಸೆಯಲ್ಲಿ ಎರಡು ಕೆಲಸ ಜೊತೆಜೊತೆಗೆ ನಡೆಯಬೇಕು: ಹೋಗುವುದನ್ನು ತಡೆಯುವುದು, ಹೋದದ್ದನ್ನು ತುಂಬುವುದು. ತುಂಬುವುದಕ್ಕೆ ಬೇಕಾದ ಪ್ರಮಾಣವನ್ನು ಅಂದಾಜು ಮಾಡುವ ಸೂತ್ರವೊಂದಿದೆ. ತೂಕವನ್ನು ಹಿಮೋಗ್ಲೋಬಿನ್‌ನ ಕೊರತೆಯಿಂದಲೂ 2.4ರಿಂದಲೂ ಗುಣಿಸಿ, ದಾಸ್ತಾನಿಗೆಂದು 500 ಕೂಡಿಸುವುದು. 52 ಕಿಲೋ, 13 ಮುಟ್ಟಬೇಕಾದರೆ 5.6ರ ಕೊರತೆ: ಸುಮಾರು 700, ಮೇಲೆ 500, ಒಟ್ಟು 1,200 ಮಿ.ಗ್ರಾಂ. ಈ ಅಂಕಿ ಎದುರಿಗಿಟ್ಟುಕೊಂಡು ನೋಡಿದರೆ ಬೆಲ್ಲ, ಖರ್ಜೂರ, ಬೀಟ್‌ರೂಟ್‌ಗಳ ಮಿತಿ ತಿಳಿಯುತ್ತದೆ. ರಾಗಿಯಲ್ಲಿ 100 ಗ್ರಾಂಗೆ ನಾಲ್ಕೂವರೆ ಮಿ.ಗ್ರಾಂ.ನಷ್ಟು ಕಬ್ಬಿಣವಿದೆ, ಆದರೆ ಧಾನ್ಯದಲ್ಲಿರುವ ಫೈಟೇಟ್ ಅದನ್ನು ಹಿಡಿದಿಟ್ಟುಕೊಳ್ಳುವುದರಿಂದ ಅದರಲ್ಲಿ ಸಣ್ಣ ಪಾಲಷ್ಟೇ ದೇಹ ಸೇರುತ್ತದೆ. ಒಳ್ಳೆಯ ಊಟ ದಿನದ ಖರ್ಚನ್ನು ತೂಗಿಸಲು ಬೇಕೇ ಬೇಕು. 1,200ರ ಹಳೆಯ ಬಾಕಿ ತೀರಿಸಲು ಅದರಿಂದ ಆಗದು. ಸರಕಾರಿ ಕಾರ್ಯಕ್ರಮದಲ್ಲಿ ವಾರಕ್ಕೊಂದು ಕೊಡುವ 60 ಮಿ.ಗ್ರಾಂ. ಮಾತ್ರೆಯೂ ಕೊರತೆ ಬಾರದಂತೆ ತಡೆಯಲು ರೂಪಿಸಿದ್ದು. ಅದರಲ್ಲಿ ದೇಹಕ್ಕೆ ಸೇರುವುದು ಹತ್ತರಿಂದ ಇಪ್ಪತ್ತು ಭಾಗ ಎಂದುಕೊಂಡರೆ ತಿಂಗಳಿಗೆ 25ರಿಂದ 50 ಮಿ.ಗ್ರಾಂ. ಮುಟ್ಟಿನಲ್ಲಿ ಎಂಬತ್ತು ಕಳೆಯುವವಳಿಗೆ ಎಲ್ಲಿ ಸಾಕು?

ರಕ್ತಹೀನತೆ ಸಾಧಾರಣವಾಗಿದ್ದರೆ ಮಾತ್ರೆಯೇ ಸಾಕು. ಹೇಗೆ ತೆಗೆದುಕೊಳ್ಳುತ್ತೇವೆ ಎನ್ನುವುದರ ಮೇಲೆ ಫಲ ನಿಂತಿದೆ. ಕಾಫಿ, ಟೀ ಜೊತೆ ನುಂಗಿದರೆ ಕಬ್ಬಿಣ ಹೀರಿಕೊಳ್ಳುವುದು ಬಹಳ ಕುಗ್ಗುತ್ತದೆ. ಕ್ಯಾಲ್ಸಿಯಂ ಮಾತ್ರೆ, ಹಾಲು, ಅಸಿಡಿಟಿ ಮಾತ್ರೆಗಳೂ ಅಷ್ಟೇ. ನಿಂಬೆರಸ, ನೆಲ್ಲಿಕಾಯಿ, ಸೀಬೆಹಣ್ಣು ಸಹಾಯ ಮಾಡುತ್ತವೆ. ದಿನಕ್ಕೆ ಮೂರು ಹೊತ್ತು ನುಂಗಿದರೆ ಮೂರು ಪಟ್ಟು ಸೇರುತ್ತದೆ ಎಂಬ ಹಳೆಯ ನಂಬಿಕೆಯನ್ನು ಜ್ಯೂರಿಕ್‌ನ ಸಂಶೋಧಕರು 2017ರಲ್ಲಿ ಅಲುಗಾಡಿಸಿದರು. ಒಂದು ಮಾತ್ರೆ ಹೊಟ್ಟೆಗೆ ಹೋದೊಡನೆ ಯಕೃತ್ತಿನಿಂದ ಹೆಪ್ಸಿಡಿನ್ ಎಂಬ ಹಾರ್ಮೋನು ಏರಿ ಸುಮಾರು ಒಂದು ದಿನ ಕರುಳಿನ ಬಾಗಿಲನ್ನು ಅರೆಮುಚ್ಚಿಡುತ್ತದೆ. ಕಬ್ಬಿಣ ಕಡಿಮೆಯಿದ್ದ ಯುವತಿಯರಿಗೆ ದಿನ ಬಿಟ್ಟು ದಿನ ಕೊಟ್ಟಾಗ ಪ್ರತಿ ಮಾತ್ರೆಯಿಂದ ಸೇರುವ ಭಾಗ ಹೆಚ್ಚಿತ್ತು. ಹೊಟ್ಟೆ ತೊಳಸುವುದು, ಮಲಬದ್ಧತೆ ಎಂದು ಮಾತ್ರೆ ಬಿಟ್ಟವರಿಗೆ ವೈದ್ಯರು ಈ ಕ್ರಮವನ್ನು ಸೂಚಿಸುವುದುಂಟು. ಮಲ ಕಪ್ಪಾಗುವುದಕ್ಕೆ ಹೆದರಬೇಕಿಲ್ಲ.

ಮಾತ್ರೆ ಸರಿಯಾಗಿ ತಿಂದರೂ ಮೂರು ನಾಲ್ಕು ವಾರದಲ್ಲಿ ಹಿಮೋಗ್ಲೋಬಿನ್ ಒಂದು ಗ್ರಾಂನಷ್ಟಾದರೂ ಏರದಿದ್ದರೆ ಎಲ್ಲೋ ತಪ್ಪಿದೆ ಎಂದು ತಿಳಿಯಬೇಕು: ರಕ್ತ ಇನ್ನೂ ಹೋಗುತ್ತಿದೆ, ಅಥವಾ ಕಬ್ಬಿಣ ಸೇರುತ್ತಿಲ್ಲ, ಅಥವಾ ರೋಗವೇ ಬೇರೆ. ತಲಸ್ಸೀಮಿಯಾದ ಸೌಮ್ಯ ರೂಪ ಇರುವವರಲ್ಲೂ ಕೆಂಪುಕಣ ಚಿಕ್ಕದಿರುತ್ತವೆ, ಆದರೆ ಫೆರಿಟಿನ್ ಕಡಿಮೆ ಇರುವುದಿಲ್ಲ; ಅವರಿಗೆ ಕಬ್ಬಿಣ ಸುರಿದು ಪ್ರಯೋಜನವಿಲ್ಲ.

ಟೈಲರ್ ಅಕ್ಕನ ವಿಷಯದಲ್ಲಿ ಮಾತ್ರೆಗೆ ಕಾಯುವಷ್ಟು ಸಮಯವಿರಲಿಲ್ಲ. ಡ್ರಿಪ್ ಮೂಲಕ ಒಂದೇ ಸಲ 1,000 ಮಿ.ಗ್ರಾಂ. ಕಬ್ಬಿಣ ಕೊಟ್ಟರು, ಉಳಿದದ್ದಕ್ಕೆ ಮಾತ್ರೆ. ರಕ್ತ ಏರಿಸಲಿಲ್ಲ, ಕುಳಿತಲ್ಲೇ ಏದುಸಿರು, ಎದೆನೋವು, ತಲೆಸುತ್ತಿ ಬೀಳುವುದು, ನಿಲ್ಲದ ಸ್ರಾವ ಇಂಥ ಸ್ಥಿತಿಗೆ ಅದನ್ನು ಮೀಸಲಿಡುತ್ತಾರೆ. ಜೊತೆಗೆ ಮುಟ್ಟಿನ ಹೆಚ್ಚಿನ ಸ್ರಾವದ ನಾಲ್ಕು ದಿನ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ. ಜಪಾನಿನ ಉಟಾಕೊ ಒಕಾಮೊಟೊ ಮತ್ತು ಆಕೆಯ ಪತಿ ಶೋಸುಕೆ 1962ರಲ್ಲಿ ಬೆಳಕಿಗೆ ತಂದ ಈ ಔಷಧ ಹಾರ್ಮೋನ್ ಅಲ್ಲ. ಕಟ್ಟಿಕೊಂಡ ಹೆಪ್ಪು ಬೇಗ ಕರಗದಂತೆ ನೋಡಿಕೊಂಡು ಸ್ರಾವವನ್ನು ಅರ್ಧದ ಹತ್ತಿರಕ್ಕೆ ಇಳಿಸಬಲ್ಲದು. ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ ಇತಿಹಾಸ ಇರುವವರಿಗೆ ಇದು ಬೇಡ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದು ನುಂಗುವ ಮಾತ್ರೆಯಲ್ಲ.

ನಾಲ್ಕು ವಾರದ ಮೇಲೆ ಹಿಮೋಗ್ಲೋಬಿನ್ 10.3. ಆಗ ಹಿಸ್ಟರೋಸ್ಕೋಪಿಯಿಂದ, ಹೊಟ್ಟೆ ಕೊಯ್ಯದೆ, ಒಳಗೆ ಚಾಚಿದ ಗಡ್ಡೆಯನ್ನು ಕೆತ್ತಿ ತೆಗೆದರು. ಹೊರಗಿನ 5 ಸೆಂ.ಮೀ. ಗಡ್ಡೆಯನ್ನು ಮುಟ್ಟಲಿಲ್ಲ. ಅನಂತರ ಗರ್ಭಕೋಶದೊಳಗೆ ಸ್ವಲ್ಪಸ್ವಲ್ಪವೇ ಪ್ರೊಜೆಸ್ಟರಾನ್ ಬಗೆಯ ಹಾರ್ಮೋನ್ ಬಿಡುಗಡೆ ಮಾಡುವ ವಂಕಿ ಇಟ್ಟರು. ದಪ್ಪವಾದ ಒಳಪದರಕ್ಕೆ ಅದೇ ಔಷಧ, ಹೆಚ್ಚು ಸ್ರಾವಕ್ಕೂ ಅದೇ. ವರ್ಷಗಟ್ಟಲೆ ಕೆಲಸ ಮಾಡುತ್ತದೆ. ಮೊದಲ ಮೂರು ನಾಲ್ಕು ತಿಂಗಳು ಚುಕ್ಕೆಚುಕ್ಕೆಯಾಗಿ ರಕ್ತ ಕಾಣಿಸುತ್ತಿರುತ್ತದೆ ಎಂದು ಮೊದಲೇ ಹೇಳದಿದ್ದರೆ ಬಹಳ ಮಂದಿ ಬೇಸತ್ತು ತೆಗೆಸಿಬಿಡುತ್ತಾರೆ. ಗಡ್ಡೆ ಒಳಗಿದ್ದು ಗರ್ಭಕೋಶದ ಆಕಾರವೇ ಕೆಟ್ಟಿದ್ದರೆ ವಂಕಿ ಜಾರಿಬೀಳುವ ಸಂಭವ ಹೆಚ್ಚು, ಅದಕ್ಕೇ ಮೊದಲು ಗಡ್ಡೆ ತೆಗೆದದ್ದು.

‘ಮಕ್ಕಳಾಗಿದೆಯಲ್ಲ, ಗರ್ಭಕೋಶವನ್ನೇ ತೆಗೆಸಿಬಿಡಿ’ ಎಂಬ ಸಲಹೆ ಆಕೆಗೂ ಬಂದಿತ್ತು. ಬೇರೆ ಚಿಕಿತ್ಸೆಗೆ ಬಗ್ಗದ ಸ್ರಾವ, ತುಂಬಾ ದೊಡ್ಡ ಗಡ್ಡೆಗಳು, ಕೆಟ್ಟ ಬಯಾಪ್ಸಿ ವರದಿ ಇದ್ದಾಗ ಆ ಶಸ್ತ್ರಚಿಕಿತ್ಸೆ ನಿಜಕ್ಕೂ ಒಳ್ಳೆಯ ದಾರಿ. ಸ್ಕ್ಯಾನಿಂಗ್ ಒಂದನ್ನೇ ನೋಡಿ, ಬಯಾಪ್ಸಿ ಇಲ್ಲದೆ, ಔಷಧ ಪ್ರಯತ್ನಿಸದೆ, ಕ್ಯಾನ್ಸರ್ ಆಗುತ್ತದೆಂದು ಹೆದರಿಸಿ ಮಾಡುವುದು ಬೇರೆ. ಕಲಬುರಗಿ ಜಿಲ್ಲೆಯ ತಾಂಡಾಗಳ ಬಡ ಲಂಬಾಣಿ ಹೆಂಗಸರಿಗೆ ಹೀಗೆ ಅನಗತ್ಯವಾಗಿ ಗರ್ಭಕೋಶ ತೆಗೆದರೆಂಬ ದೂರು 2015ರ ಸುಮಾರಿಗೆ ರಾಜ್ಯವನ್ನೇ ಕಲಕಿತ್ತು. ಸುಪ್ರೀಂ ಕೋರ್ಟ್ 2023ರಲ್ಲಿ ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿಗಳನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕೆಂದು ಆದೇಶಿಸಿತು. ‘ಗಡ್ಡೆ ಎಲ್ಲಿದೆ, ಬಯಾಪ್ಸಿ ಏನು ಹೇಳಿತು, ಔಷಧದಿಂದ ಏಕೆ ಆಗುವುದಿಲ್ಲ’ ಎಂದು ಕೇಳಿ ಉತ್ತರ ಪಡೆಯುವುದು ಪ್ರತಿ ಹೆಂಗಸಿನ ಹಕ್ಕು.

ತಾಸಿಗೊಂದು ಪ್ಯಾಡ್ ಪೂರ್ತಿ ನೆನೆಯುತ್ತ ಎರಡು ಮೂರು ತಾಸು ಕಳೆದರೆ, ನಿಂತಾಗ ಕಣ್ಣು ಕತ್ತಲೆ ಬಂದರೆ, ಕುಳಿತಲ್ಲೇ ದಮ್ಮು ಕಟ್ಟಿದರೆ ಮಾರನೆಯ ದಿನಕ್ಕೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಗರ್ಭಿಣಿಯಾಗಿರುವ ಸಾಧ್ಯತೆ ಒಂದಿಷ್ಟಿದ್ದರೂ ಅದನ್ನು ಮೊದಲು ಹೇಳಬೇಕು. ಮುಟ್ಟು ನಿಂತು ಒಂದು ವರ್ಷ ಕಳೆದ ಮೇಲೆ ಕಾಣುವ ರಕ್ತ, ಒಂದು ಹನಿಯಾದರೂ ಸರಿ, ತಪಾಸಣೆಯಾಗಲೇಬೇಕು.

ಟೈಲರ್ ಅಕ್ಕನ ಹಿಮೋಗ್ಲೋಬಿನ್ ಮೂರನೆಯ ತಿಂಗಳಿಗೆ 12.4 ಆಯಿತು. ಮೆಟ್ಟಿಲು ಹತ್ತುವುದು ಅದಕ್ಕೂ ಮುಂಚೆಯೇ ಸಲೀಸಾಗಿತ್ತು, ಹಸಿ ಅಕ್ಕಿಯ ಆಸೆ ಎಲ್ಲಕ್ಕಿಂತ ಮೊದಲು ಹೋಗಿತ್ತು. ಹೆಚ್ಚಿನವರು ಮಾತ್ರೆ ನಿಲ್ಲಿಸುವುದು ಈ ಹಂತದಲ್ಲಿ. ಹಿಮೋಗ್ಲೋಬಿನ್ ಸರಿಯಾಯಿತು ಎಂದರೆ ದಾಸ್ತಾನು ತುಂಬಿತು ಎಂದಲ್ಲ. ಅದಕ್ಕೆ ಇನ್ನೂ ಮೂರು ತಿಂಗಳು ಕಬ್ಬಿಣ ಮುಂದುವರಿಯಬೇಕು. ಆರನೆಯ ತಿಂಗಳಲ್ಲಿ ಆಕೆಯ ಒಳಪದರದ ಚೂರನ್ನು ಮತ್ತೆ ಪರೀಕ್ಷಿಸಿದರು, ಸಹಜವಾಗಿತ್ತು. ಅದೇ ದಿನ ಕಳಿಸಿದ ಫೆರಿಟಿನ್ 58 ಬಂತು. ಇನ್ನಾರು ತಿಂಗಳಿಗೆ ಅದನ್ನು ಇನ್ನೊಮ್ಮೆ ನೋಡಬೇಕೆಂದು ವೈದ್ಯರು ಚೀಟಿಯಲ್ಲಿ ಬರೆದರು. ರಕ್ತಸ್ರಾವ ಮತ್ತೆ ಹೆಚ್ಚಿದರೆ ಹಿಮೋಗ್ಲೋಬಿನ್ ಇಳಿಯುವ ಎಷ್ಟೋ ತಿಂಗಳ ಮೊದಲೇ ಆ ಅಂಕಿ ಇಳಿಯತೊಡಗುತ್ತದೆ.